48 ನಿಮಿಷದ ಪಾಠ: ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ವೇಳಾಪಟ್ಟಿ ಹೊಂದಿಸಿದ ಬಗೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ, 9ನೇ ತರಗತಿ, ಕನ್ನಡ ಮಾಧ್ಯಮ. ಮನೆಯಲ್ಲಿ ಆಗಲೇ ಒಂದು ವೇಳಾಪಟ್ಟಿ ಗೋಡೆಗೆ ಅಂಟಿಸಿದ್ದರು: ಸಂಜೆ 6ರಿಂದ 7 ಸಮಾಜ, 7ರಿಂದ 8 ವಿಜ್ಞಾನ, ಊಟ ಮುಗಿಸಿ ಇನ್ನೊಂದು ಗಂಟೆ ನೋಟ್ಸ್. ಡಿಸ್ಲೆಕ್ಸಿಯಾ, ಅಂದರೆ ಓದಲು ಕಷ್ಟವಾಗಿ ಹೆಚ್ಚು ಸಮಯ ಹಿಡಿಯುವ ಕಲಿಕೆಯ ತೊಂದರೆ, ಎಂದು ಗೊತ್ತಾದ ಮೇಲೆ ಮನೆಯವರು ಮಾಡಿದ ಬದಲಾವಣೆ ಒಂದೇ, ಬೆಳಿಗ್ಗೆ 5ಕ್ಕೆ ಎಬ್ಬಿಸಿ ಮತ್ತೊಂದು ಗಂಟೆ ಸೇರಿಸಿದ್ದು. ಹೆಚ್ಚುವರಿ ಸಮಯ ಅಂದರೆ ಇದಲ್ಲ. ನಿದ್ದೆಯಿಂದ ಕಿತ್ತ ಸಮಯ ಓದಿಗೆ ಸಿಗುವುದಿಲ್ಲ. ಸಮಯ ಬೇಕಾದರೆ ಬೇರೆ ಯಾವುದೋ ಕೆಲಸವನ್ನು ತೆಗೆಯಬೇಕು.

ಎಷ್ಟು ಸಮಯ ಬೇಕು ಎಂಬುದನ್ನು ಅಂದಾಜಿನಲ್ಲಿ ಹೇಳಬಾರದು, ಅಳೆಯಬೇಕು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅವನು ಹಿಂದೆ ಓದದ ಒಂದು ಪುಟ ತೆಗೆದೆ. ಸುಮಾರು 160 ಪದಗಳಿದ್ದವು. ಗಟ್ಟಿಯಾಗಿ ಓದಲು 5 ನಿಮಿಷ 20 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ 30 ಪದ. ಅದೇ ತರಗತಿಯ ಇನ್ನೊಬ್ಬ ಹುಡುಗಿ ಅದೇ ಪುಟವನ್ನು 2 ನಿಮಿಷದಲ್ಲಿ ಮುಗಿಸಿದಳು. ಪಾಠ 9 ಪುಟದ್ದು. ಅವಳಿಗೆ 18 ನಿಮಿಷ ಸಾಕು, ಇವನಿಗೆ 48. ಈ ಲೆಕ್ಕ ತೋರಿಸುವವರೆಗೆ ಮನೆಯವರು ‘ಓದೋಕೆ ಸೋಮಾರಿ’ ಎಂದೇ ನಂಬಿದ್ದರು.

ಎರಡನೇ ಅಳತೆ ವಿರಾಮಕ್ಕಾಗಿ. ಓದಿಸುತ್ತಾ 3 ನಿಮಿಷಕ್ಕೊಮ್ಮೆ ತಪ್ಪುಗಳನ್ನು ಎಣಿಸಿ ಗೀಟು ಹಾಕಿಕೊಂಡೆ: 2, 3, 3, 4, ಆಮೇಲೆ ಒಮ್ಮೆಗೇ 9. ಕನ್ನಡದಲ್ಲಿ ತಪ್ಪುಗಳು ಎಲ್ಲಿ ಬರುತ್ತವೆ ಎಂಬುದನ್ನೂ ಗಮನಿಸಬೇಕು. ಬಿಡಿ ಅಕ್ಷರಗಳಲ್ಲಿ ಕಡಿಮೆ; ಒತ್ತಕ್ಷರ, ದೀರ್ಘ, ಮತ್ತೆ ‘ನೆಲೆಗೊಂಡಿದ್ದರಿಂದಾಗಿ’ ತರಹದ ಉದ್ದ ಪದಗಳಲ್ಲಿ ಹೆಚ್ಚು. ದಣಿದಾಗ ಮೊದಲು ಬೀಳುವುದು ಒತ್ತು. ‘ಸಾಮ್ರಾಜ್ಯ’ ಇದ್ದದ್ದು ‘ಸಾಮರಾಜ’ ಆಗುತ್ತದೆ. ಇವನಿಗೆ 12 ನಿಮಿಷದ ನಂತರ ಹಾಗಾಗುತ್ತಿತ್ತು, ಆದ್ದರಿಂದ ಓದಿನ ಒಂದು ಕಂತು 12 ನಿಮಿಷ. ತಪ್ಪು ಜಾಸ್ತಿಯಾದ ಮೇಲೆ ನಿಲ್ಲಿಸಿದರೆ ವಿರಾಮ ಎಂದರೆ ಕಷ್ಟದಿಂದ ಪಾರಾಗುವುದು ಅಂತ ಮನಸ್ಸಿಗೆ ಕೂರುತ್ತದೆ, ಆಮೇಲೆ ವಾಪಸ್ ಬರಲು ಒಪ್ಪುವುದಿಲ್ಲ. ಇನ್ನೂ ಓದಬಲ್ಲೆ ಎನ್ನುವಾಗಲೇ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸುವುದು ಎಂದು ಪ್ಯಾರಾದ ಕೊನೆಗೆ ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟರೆ ತಿರುಗಿ ಬಂದಾಗ ಸಾಲು ಹುಡುಕುವ ಪಾಡಿಲ್ಲ.

ವಿರಾಮ 5 ನಿಮಿಷ, ಎದ್ದು ಹೋಗಲೇಬೇಕು. ನೀರು ಕುಡಿದು, ಹಸುವಿಗೆ ಹುಲ್ಲು ಹಾಕಿ ಬಂದರೂ ಆಯಿತು. ಫೋನ್ ಮಾತ್ರ ಬೇಡ. ಪಾಠ ಕೇಳಿಸುವ ಫೋನೇ ರೀಲ್ಸ್ ತೋರಿಸುವ ಫೋನೂ ಆಗಿರುವುದರಿಂದ ಮೊದಲ ವಾರ 5 ನಿಮಿಷ ಅನ್ನುವುದು 25 ಆಗುತ್ತಿತ್ತು. ಆಡಿಯೋ ಮೊದಲೇ ಇಳಿಸಿಟ್ಟು, ಓದುವ ಹೊತ್ತಿನಲ್ಲಿ ಏರೋಪ್ಲೇನ್ ಮೋಡ್ ಹಾಕಿದ ಮೇಲೆ ಸರಿಹೋಯಿತು.

ಇನ್ನು ಆಡಿಯೋ. ಪುಸ್ತಕದ ಪಿಡಿಎಫ್ ಇಳಿಸಿ ಫೋನಿನ `Select to Speak` ಹಾಕಿದರೆ ಓದಿ ಹೇಳುತ್ತದೆ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಆದರೆ ಕನ್ನಡದ ಎಷ್ಟೋ ಪಿಡಿಎಫ್‌ಗಳು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದವು, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಯಂತ್ರ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವಾಗಿ ಬಂದರೆ ಸರಿ. ಬರದಿದ್ದರೆ ಪುಟದ ಫೋಟೋ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಅಕ್ಷರ ಎತ್ತಿಕೊಳ್ಳಬಹುದು, ಆದರೆ ಒತ್ತಕ್ಷರಗಳನ್ನು ಒಮ್ಮೆ ತಿದ್ದಬೇಕಾಗುತ್ತದೆ. ತಪ್ಪು ಅಕ್ಷರವನ್ನೇ ಕೇಳಿಸಿಕೊಂಡು ಕಲಿತರೆ ಬಿಡಿಸುವುದು ಕಷ್ಟ.

ಇಷ್ಟೆಲ್ಲ ಪಾಡಿಗಿಂತ ಮನೆಯವರ ಧ್ವನಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅವನ ಅಕ್ಕ ಪಿಯುಸಿ ಓದುತ್ತಿದ್ದಳು. ಫೋನಿನ ರೆಕಾರ್ಡರಿನಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಫೈಲ್, ಹೆಸರಿನ ಜಾಗದಲ್ಲಿ ಪುಟದ ಸಂಖ್ಯೆ ಮಾತ್ರ. ನಿಮಿಷಕ್ಕೆ 70 ಪದದ ವೇಗದಲ್ಲಿ, ಪ್ರತಿ ವಾಕ್ಯದ ಕೊನೆಗೆ ಒಂದು ಉಸಿರು ನಿಲ್ಲಿಸಿ ಓದಿದಳು. ಇಡೀ ಪಾಠ ಒಂದೇ ಫೈಲಿನಲ್ಲಿದ್ದರೆ ಬೇಕಾದ ಜಾಗ ಹುಡುಕುವುದರಲ್ಲೇ ಕಂತು ಮುಗಿದುಹೋಗುತ್ತದೆ.

ಕ್ರಮ ಹೀಗೆ: ಮೊದಲ ಸಲ ಕೇಳುವಾಗ ಪುಸ್ತಕ ತೆರೆದಿರಬೇಕು, ಬೆರಳು ಸಾಲಿನ ಮೇಲೆ ಓಡುತ್ತಿರಬೇಕು. ಅದಾದ ಮೇಲೆಯೇ ಓದು. ಕೇಳಿದ ಮೇಲೆ ಓದಿದಾಗ ಒಂದು ಪುಟಕ್ಕೆ 4 ನಿಮಿಷ ಸಾಕಾಯಿತು. ಹಾಗಾಗಿ ದಿನಕ್ಕೆ 3 ಪುಟ: 7 ನಿಮಿಷ ಕೇಳುವುದು, 12 ನಿಮಿಷ ಓದುವುದು, ಮೂರು ದಿನಕ್ಕೆ ಪಾಠ ಮುಗಿಯುತ್ತದೆ. ಲೆಕ್ಕ ಹಾಕಿದರೆ 57 ನಿಮಿಷ, ಬರೀ ಓದಿದ್ದಕ್ಕಿಂತ 9 ನಿಮಿಷ ಜಾಸ್ತಿಯೇ. ಉಳಿತಾಯ ಇರುವುದು ಬೇರೆ ಕಡೆ: ಬರೀ ಓದಿದಾಗ 5 ಪ್ರಶ್ನೆಗಳಲ್ಲಿ 2ಕ್ಕೆ ಉತ್ತರ ಬರುತ್ತಿತ್ತು, ಕೇಳಿ ಓದಿದಾಗ 4ಕ್ಕೆ. ಮತ್ತೆ ಮತ್ತೆ ಓದಿಸುವ ಕೆಲಸ ತಪ್ಪಿತು.

ಇಲ್ಲೊಂದು ಮೋಸವಿದೆ. ಎರಡು ಸಲ ಕೇಳಿದ ಪುಟವನ್ನು ಮಕ್ಕಳು ನೆನಪಿನಿಂದ ಒಪ್ಪಿಸಿ, ಓದಿದಂತೆ ತೋರಿಸಬಲ್ಲರು. ಪುಟದಲ್ಲಿ ‘ಪ್ರಾರಂಭ’ ಇದ್ದು ಬಾಯಲ್ಲಿ ‘ಶುರು’ ಬಂದರೆ ಅನುಮಾನ ಪಡಿ. ಪುಟದ ಮಧ್ಯದ ಯಾವುದೋ ಸಾಲಿಗೆ ಬೆರಳಿಟ್ಟು ಅಲ್ಲಿಂದ ಓದಿಸಿ, ಗೊತ್ತಾಗಿಬಿಡುತ್ತದೆ. ಇದೇ ಕಾರಣಕ್ಕೆ ಓದಿನ ಅಭ್ಯಾಸಕ್ಕೆ ಆಡಿಯೋ ಇಲ್ಲದ ಪ್ರತ್ಯೇಕ 12 ನಿಮಿಷ ಇಟ್ಟೆ, 4ನೇ ತರಗತಿ ಮಟ್ಟದ ಕತೆಗಳಿಂದ. ಪಾಠದ ವಿಷಯ ತಿಳಿಯುವುದು ಬೇರೆ, ಅಕ್ಷರ ಪಳಗುವುದು ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಸಾಧಿಸಲು ಹೊರಟರೆ ಎರಡೂ ಕೆಡುತ್ತವೆ.

ಕೊನೆಗೆ ಸಂಜೆಯ ವೇಳೆ ಹೀಗೆ ನಿಂತಿತು: 6ಕ್ಕೆ ಸಮಾಜ ಅಥವಾ ವಿಜ್ಞಾನ 19 ನಿಮಿಷ, ವಿರಾಮ, ಗಣಿತ 25 ನಿಮಿಷ, ವಿರಾಮ, ಓದಿನ ಅಭ್ಯಾಸ 12 ನಿಮಿಷ, ವಿರಾಮ, ಆಮೇಲೆ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ 10 ನಿಮಿಷ. ಒಟ್ಟು 81 ನಿಮಿಷ. ಗಣಿತದಲ್ಲಿ ಲೆಕ್ಕದ ವಾಕ್ಯವನ್ನು ಯಾರಾದರೂ ಓದಿ ಹೇಳುತ್ತಾರೆ, ಬಿಡಿಸುವುದು ಅವನೇ. ಇಷ್ಟಕ್ಕೆ ಜಾಗ ಸಿಕ್ಕಿದ್ದು ರಾತ್ರಿಯ ನೋಟ್ಸ್ ನಕಲನ್ನು ತೆಗೆದದ್ದರಿಂದ. ಶಾಲೆಯಲ್ಲಿ ಮಾತಾಡಿ, ಗೆಳೆಯನ ನೋಟ್ಸಿನ ಜೆರಾಕ್ಸ್ ಅಂಟಿಸಲು ಒಪ್ಪಿಸಿಕೊಂಡೆವು. ನೋಟ್ಸ್ ನೋಡಿ ಬರೆಯುವುದಕ್ಕೆ ಹೋಗುತ್ತಿದ್ದ ಒಂದು ಗಂಟೆಯಿಂದ ಅವನಿಗೆ ಏನೂ ಉಳಿಯುತ್ತಿರಲಿಲ್ಲ. ಬೆಳಿಗ್ಗೆ 5ರ ಎಬ್ಬಿಸುವಿಕೆಯೂ ನಿಂತಿತು.

ಮನೆಯಲ್ಲಿ ರೇಷ್ಮೆ ಇದೆ. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ದಿನಗಳಲ್ಲಿ ಮನೆಮಂದಿಯೆಲ್ಲ ಹುಳುಮನೆಯಲ್ಲೇ ಇರುತ್ತಾರೆ, ಈ ಪಟ್ಟಿ ನಡೆಯುವುದಿಲ್ಲ. ಅಂಥ ದಿನಗಳಿಗೆ ಬೇರೆ ಪಟ್ಟಿ: ಹೊಸ ಪಾಠ ಇಲ್ಲ, ಕೆಲಸ ಮಾಡುತ್ತಾ ಹಳೆಯ ಪುಟಗಳನ್ನೇ ಕೇಳುವುದು, ಜೊತೆಗೆ 12 ನಿಮಿಷದ ಅಭ್ಯಾಸ ಒಂದೇ. ಕೆಲಸ ಮಾಡುತ್ತಾ ಕೇಳುವುದು ಗೊತ್ತಿರುವುದನ್ನು ಗಟ್ಟಿ ಮಾಡಲು ಸರಿ, ಹೊಸದಕ್ಕೆ ಆಗದು.

ಆರು ವಾರ ಕಳೆದು ಮತ್ತೆ ಅಳೆದಾಗ ತಪ್ಪುಗಳು ಜಿಗಿಯುವುದು 15 ನಿಮಿಷದ ನಂತರ ಎಂದಾಯಿತು, ಕಂತನ್ನು 15ಕ್ಕೆ ಏರಿಸಿದೆ.