ಅಡ್ವಾನ್ಸ್ ಹಾಕುವ ಮುಂಚೆ ಫೋಟೊದಲ್ಲಿರುವ ಗಡಿಯಾರ ನೋಡಿ

ಹೋದ ತಿಂಗಳು ಅಕ್ಕನ ಮಗ ಫೋನಿನಲ್ಲಿ ಐದು ಫೋಟೊ ತೋರಿಸಿದ. ಮೈಸೂರಿನ ಕುವೆಂಪುನಗರದಲ್ಲಿ ಎರಡು ಬೆಡ್‌ರೂಮಿನ ಫ್ಲಾಟು, ಬಾಡಿಗೆ ಬರೀ 9,000. ಓನರ್ ಮಿಲಿಟರಿಯಲ್ಲಿದ್ದಾರಂತೆ, ಡ್ಯೂಟಿ ಜಮ್ಮುವಿನಲ್ಲಂತೆ. "ಚಿಕ್ಕಮ್ಮ, ಸಂಜೆಯೊಳಗೆ ಹತ್ತು ಸಾವಿರ ಟೋಕನ್ ಹಾಕ್ಬೇಕು" ಅಂದ.

ಇಂಥ ಫೋಟೊ ಅಸಲಿಯೋ ಕದ್ದದ್ದೋ ತಿಳಿಯಬೇಕಾದರೆ, ಮೊದಲು ಅವನ್ನೆಲ್ಲ ಫೋನಿಗೆ ಇಳಿಸಿಕೊಳ್ಳಿ.

ಆಮೇಲೆ ಒಂದೊಂದನ್ನೂ ಗೂಗಲ್ ಲೆನ್ಸ್‌ಗೆ ಕೊಟ್ಟು ಹುಡುಕಿ. ನಮ್ಮ ಹುಡುಗನೂ ಹುಡುಕಿದ್ದ. ಏನೂ ಸಿಗಲಿಲ್ಲ, ಹಾಗಾಗಿ ಅಸಲಿ ಅಂದುಕೊಂಡ. ಬಹಳ ಜನ ಎಡವುವುದು ಇಲ್ಲೇ. ಕದ್ದ ಫೋಟೊವನ್ನು ಎಡಬಲ ತಿರುಗಿಸಿ ಹಾಕಿದರೆ ಹುಡುಕಾಟಕ್ಕೆ ಸಿಗದೇ ಹೋಗಬಹುದು. ಅದಕ್ಕೇ ಫೋಟೊವನ್ನು ದೊಡ್ಡದು ಮಾಡಿ ಅಕ್ಷರ, ಅಂಕಿ ಇರುವ ಜಾಗ ನೋಡಿ: ಗಡಿಯಾರ, ಕ್ಯಾಲೆಂಡರ್, ಫ್ರಿಜ್ಜಿನ ಹೆಸರು. ಹಾಲ್‌ನ ಗಡಿಯಾರದಲ್ಲಿ 3 ಇರಬೇಕಾದ ಕಡೆ 9 ಇತ್ತು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಫೋನಿನ ಎಡಿಟ್‌ನಲ್ಲಿ ಫ್ಲಿಪ್ ಒತ್ತಿ ಮತ್ತೆ ಹುಡುಕಿದೆವು. ಅದೇ ಹಾಲ್, ಅದೇ ಸೋಫಾ, ಪುಣೆಯಲ್ಲಿ ಮಾರಾಟಕ್ಕಿದ್ದ ಮನೆ!

ಫೋಟೊ ತೆಗೆದ ದಿನ, ಊರು ಹೇಳುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ ಆ ಮಾಹಿತಿ ಉಳಿದಿರುವುದಿಲ್ಲ.

ಹುಡುಕಿ ಏನೂ ಸಿಗದಿದ್ದರೆ ಒಂದು ಹಾಳೆ ತಗೊಂಡು ಮನೆಯ ನಕ್ಷೆ ಬರೆಯಿರಿ. ನನಗಂತೂ ಇದರಷ್ಟು ನಂಬಿಕೆ ಬೇರೆ ಯಾವುದರಲ್ಲೂ ಇಲ್ಲ. ಹಾಲ್‌ನ ಫೋಟೊದಲ್ಲಿ ಅಡುಗೆಮನೆ ಬಾಗಿಲು ಎಲ್ಲಿ ಕಾಣುತ್ತದೆ? ಅಡುಗೆಮನೆ ಫೋಟೊದಲ್ಲಿ ಅದೇ ಬಾಗಿಲು ಅದೇ ಗೋಡೆಯಲ್ಲಿದೆಯಾ? ನೆಲದ ಟೈಲ್ಸ್, ಕಿಟಕಿ ಗ್ರಿಲ್‌ನ ವಿನ್ಯಾಸ, ಸ್ವಿಚ್‌ಬೋರ್ಡಿನ ಬಣ್ಣ ಸಾಮಾನ್ಯವಾಗಿ ಇಡೀ ಮನೆಗೆ ಒಂದೇ ಥರ ಇರುತ್ತವೆ. ಒಂದು ಬೇರೆಯಾದರೆ ರಿಪೇರಿ ಆಗಿರಬಹುದು. ಮೂರೂ ಬೇರೆಯಾದರೆ ಎರಡು ಮನೆಯ ಫೋಟೊ ಬೆರೆಸಿದ್ದಾರೆ. ನಮ್ಮ ಹುಡುಗನ ಫ್ಲಾಟಿನಲ್ಲಿ ಹಾಲ್‌ಗೆ ಅಂಟಿಕೊಂಡು ದೊಡ್ಡ ಬಾಲ್ಕನಿ. ಹೊರಗಿನಿಂದ ತೆಗೆದ ಫೋಟೊದಲ್ಲಿ ಕಟ್ಟಡಕ್ಕೆ ಒಂದೇ ಒಂದು ಬಾಲ್ಕನಿಯೂ ಇರಲಿಲ್ಲ.

ಕಿಟಕಿಯಾಚೆ ಏನಿದೆ ಅಂತಲೂ ನೋಡಿ. ಮೆಟ್ರೊ ಕಂಬ ಕಂಡರೆ ಅದು ಮೈಸೂರಲ್ಲ.

ಫೋಟೊ ಅಸಲಿ ಅನ್ನಿಸಿದರೂ ಗೋಡೆಯ ಬುಡ ನೋಡದೆ ಬಿಡಬೇಡಿ. ನೆಲದಿಂದ ಎರಡಡಿಯವರೆಗೆ ಮಾತ್ರ ಹೊಸ ಬಣ್ಣ ಇದ್ದರೆ ಒಳಗೆ ತೇವ ಇರುವ ಸಾಧ್ಯತೆ ಜಾಸ್ತಿ. ಬಚ್ಚಲಿನ ಫೋಟೊ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಕೊನೆಗೆ ವಿಡಿಯೊ ಕಾಲ್. ಹೊರಬಾಗಿಲಿಂದ ಶುರುಮಾಡಿ, ನಡುವೆ ನಿಲ್ಲಿಸದೆ ಅಡುಗೆಮನೆ ನಲ್ಲಿ ತಿರುಗಿಸಿ ಕರೆಂಟ್ ಮೀಟರ್‌ವರೆಗೆ ತೋರಿಸಲು ಹೇಳಿ. ಸೆಸ್ಕ್‌ನ ಕರೆಂಟ್ ಬಿಲ್ಲನ್ನೂ ಕೇಳಿ, ಅದರಲ್ಲಿ ಹೆಸರು, ವಿಳಾಸ ಇರುತ್ತದೆ. ಓನರ್ ಊರಲ್ಲಿಲ್ಲದಿದ್ದರೆ ಬೀಗದ ಕೈ ಯಾರ ಹತ್ತಿರವಾದರೂ ಇರಲೇಬೇಕು, ಅಲ್ವಾ? ಅವರು ತೋರಿಸಲಿ. ನಮ್ಮ ಹುಡುಗ ಇಷ್ಟನ್ನೂ ಕೇಳಿದ. ಆ ಕಡೆಯಿಂದ ಬಂದದ್ದು ಅದೇ ಹಾಲ್‌ನ ಆರನೇ ಫೋಟೊ.