ಎರಡು ದಾಳಗಳ ಲೆಕ್ಕ: ಮೊದಲು ಪಟ್ಟಿ, ಆಮೇಲೆ ಭಾಗಾಕಾರ

ಒಂದು ಕೆಂಪು ದಾಳ, ಒಂದು ಬಿಳಿ ದಾಳ. ಎರಡನ್ನೂ ಎಸೆದು ಬಟ್ಟಲು ಮುಚ್ಚಿದೆ. ಇಣುಕಿ ನೋಡಿದ ಗೆಳತಿಯನ್ನು ನೀವು ಕೇಳುತ್ತೀರಿ, "ಒಂದಾದರೂ ಆರು ಬಿದ್ದಿದೆಯಾ?" ಅವಳು "ಹೂಂ" ಅನ್ನುತ್ತಾಳೆ. ಹಾಗಾದರೆ ಎರಡರಲ್ಲೂ ಆರು ಬಿದ್ದಿರುವ ಸಂಭವನೀಯತೆ ಎಷ್ಟು?

ತುಂಬಾ ಜನ ತಕ್ಷಣ 1/6 ಅನ್ನುತ್ತಾರೆ. ಒಂದು ಆರು ಸಿಕ್ಕಿತು, ಇನ್ನೊಂದರಲ್ಲೂ ಆರು ಬಿದ್ದಿದ್ದರೆ ಸಾಕು ಅಲ್ವಾ ಎಂಬುದು ಅವರ ವಾದ. ಆದರೆ ಆ "ಇನ್ನೊಂದು" ಯಾವುದು? ಆರು ಕೆಂಪು ದಾಳದಲ್ಲಿದೆಯೋ ಬಿಳಿಯದರಲ್ಲೋ ಗೆಳತಿ ಹೇಳಲೇ ಇಲ್ಲ.

ಸೂತ್ರ ಬದಿಗಿಟ್ಟು ಪೆನ್ನು ಹಿಡಿಯಿರಿ. ಒಟ್ಟು 36 ಜೋಡಿಗಳಿವೆ. ಕೆಂಪು ದಾಳದ ಅಂಕಿ ಮೊದಲು, ಬಿಳಿಯದು ಆಮೇಲೆ ಬರೆಯೋಣ. ಆರು ಇಲ್ಲದ ಜೋಡಿಗಳನ್ನೆಲ್ಲ ಹೊಡೆದುಹಾಕಿದರೆ ಉಳಿಯುವುದು ಇಷ್ಟು:

(6,1) (6,2) (6,3) (6,4) (6,5) (6,6)
(1,6) (2,6) (3,6) (4,6) (5,6)

ಇದೇ ಕಿರಿದಾದ ಫಲಿತಗಣ. ಇನ್ನು ಮುಂದೆ 36 ಅನ್ನು ಮರೆತುಬಿಡಿ, ಛೇದದಲ್ಲಿ ಬರುವುದು 11. ಎರಡೂ ಆರು ಇರುವ ಜೋಡಿ ಒಂದೇ. ಉತ್ತರ 1/11.

ಇಲ್ಲಿ 12 ಎಂದು ಎಣಿಸುವವರೂ ಇದ್ದಾರೆ. ಕೆಂಪು ಸಾಲಿನಲ್ಲಿ ಆರು, ಬಿಳಿ ಸಾಲಿನಲ್ಲಿ ಆರು ಎಂದು ಸುಮ್ನೆ ಕೂಡಿಸಿದರೆ (6,6) ಎರಡು ಸಲ ಲೆಕ್ಕಕ್ಕೆ ಬಂದುಬಿಡುತ್ತದೆ. ಪರೀಕ್ಷಿಸಲು ಉಲ್ಟಾ ಎಣಿಸಿ: ಆರೇ ಇಲ್ಲದ ಜೋಡಿಗಳು 5 × 5 = 25. 36ರಲ್ಲಿ 25 ಕಳೆದರೆ 11.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಮೊತ್ತ 8 ಎಂದು ಗೊತ್ತಾಗಿದೆ, ಒಂದು ದಾಳದಲ್ಲಿ 3 ಇರುವ ಸಂಭವನೀಯತೆ ಎಷ್ಟು? "2 ಮತ್ತು 6, 3 ಮತ್ತು 5, 4 ಮತ್ತು 4" ಎಂದು ಮೂರೇ ಬರೆದು 1/3 ಅನ್ನುವುದು ಸುಲಭ. ಆದರೆ (3,5) ಬೇರೆ, (5,3) ಬೇರೆ. ದಾಳಗಳಿಗೆ ಬಣ್ಣ ಕೊಟ್ಟದ್ದು ಇದಕ್ಕೇ. ಪೂರ್ತಿ ಪಟ್ಟಿ (2,6) (3,5) (4,4) (5,3) (6,2). ಐದರಲ್ಲಿ ಎರಡು, ಅಂದರೆ 2/5. ಎರಡೂ ಒಂದೇ ಬಣ್ಣದ ದಾಳಗಳಾದರೂ ಉತ್ತರ ಇದೇ. ನಮಗೆ ವ್ಯತ್ಯಾಸ ಕಾಣದಿದ್ದರೂ ದಾಳಗಳು ಎರಡೇ ತಾನೆ? (4,4) ಮಾತ್ರ ಒಂದೇ ರೀತಿಯಲ್ಲಿ ಬೀಳುತ್ತದೆ.

ಮತ್ತೆ ಬಟ್ಟಲಿಗೆ ಬರೋಣ. ಗೆಳತಿ "ಕೆಂಪು ದಾಳದಲ್ಲಿ ಆರು ಬಿದ್ದಿದೆ" ಎಂದಿದ್ದರೆ? ಆಗ ಮೇಲಿನ ಸಾಲು ಮಾತ್ರ ಉಳಿಯುತ್ತದೆ. ಜೋಡಿಗಳು ಆರು, ಉತ್ತರ ನಿಜವಾಗಿಯೂ 1/6. ನೋಡದೆಯೇ ಒಂದು ದಾಳವನ್ನು ಹೊರಗೆಳೆದು, ಅದರಲ್ಲಿ ಆರು ಕಂಡಿದ್ದರೂ 1/6ಯೇ. ಹಾಗಾಗಿ ಪಟ್ಟಿ ಬರೆಯುವ ಮುಂಚೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ: ಯಾವ ದಾಳ ಎಂದು ಹೇಳಿದ್ದಾರಾ, ಇಲ್ಲ "ಒಂದಾದರೂ" ಎಂದಷ್ಟೇ ಇದೆಯಾ?