ಸ್ಕೂಟರ್ ನಿಮ್ಮದು, ಬ್ಯಾಟರಿ ಬಾಡಿಗೆಯದು: ಸಹಿ ಹಾಕುವ ಮುಂಚೆ ಈ ಲೆಕ್ಕ ಮಾಡಿ

2025ರ ಜುಲೈನಲ್ಲಿ ಹೀರೋದ ವಿಡಾ ವಿಎಕ್ಸ್2 ಗೋ ಎಲೆಕ್ಟ್ರಿಕ್ ಸ್ಕೂಟರ್ ಬಂದಾಗ ಅದಕ್ಕೆ ಎರಡು ಬೆಲೆ ಇತ್ತು. ಬ್ಯಾಟರಿ ಸಮೇತ 99,490 ರೂಪಾಯಿ. ಬ್ಯಾಟರಿ ಬಾಡಿಗೆಗೆ ತಗೊಂಡರೆ 59,490, ಆಮೇಲೆ ಓಡಿಸಿದ ಪ್ರತಿ ಕಿಲೋಮೀಟರಿಗೆ 96 ಪೈಸೆ. ಮರುತಿಂಗಳೇ ಏಥರ್ ಕೂಡ ರಿಜ್ಟಾಕ್ಕೆ ಕಿಲೋಮೀಟರಿಗೆ 1 ರೂಪಾಯಿಯ ಯೋಜನೆ ತಂದಿತು. ಎದುರಿಗೇ 40,000 ಕಡಿಮೆ ಕಂಡರೆ ಯಾರಿಗಾದರೂ ಮನಸ್ಸು ಆ ಕಡೆ ವಾಲುತ್ತದೆ ಅಲ್ವಾ? ಆದರೆ ಆ 40,000 ಎಲ್ಲೂ ಹೋಗಿಲ್ಲ, ತಿಂಗಳ ಕಂತಾಗಿ ನಿಮ್ಮ ಹಿಂದೆಯೇ ಬರುತ್ತದೆ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಹೋಂಡಾ ಆಕ್ಟಿವಾ ಇ ತರಹದ ಗಾಡಿಯಲ್ಲಿ ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದನ್ನು ತಗೊಂಡು ಬರುತ್ತೀರಿ. ಅದರ ಲೆಕ್ಕವೇ ಬೇರೆ. ನಾನು ಇಲ್ಲಿ ಹೇಳುವುದು ಬ್ಯಾಟರಿ ನಿಮ್ಮ ಗಾಡಿಯಲ್ಲೇ ಇದ್ದು, ನೀವೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವ ಬಾಡಿಗೆಯ ಬಗ್ಗೆ. ಇದರಲ್ಲಿ ಕರೆಂಟ್ ಬಿಲ್ ಬಾಡಿಗೆಗೆ ಸೇರುವುದಿಲ್ಲ. ಕೊಂಡರೂ ಬಾಡಿಗೆಗೆ ತಗೊಂಡರೂ ಅದು ಒಂದೇ, ಹಾಗಾಗಿ ಲೆಕ್ಕದಿಂದ ಬಿಟ್ಟುಬಿಡಿ.

ಈಗ ನಿಮ್ಮ ತಿಂಗಳ ಓಡಾಟ ಹಿಡಿಯಿರಿ. ಅಂದಾಜಿನ ಮೇಲೆ ಹೋಗಬೇಡಿ. ಈಗಿನ ಗಾಡಿಯ ಮೀಟರಿನ ಫೋಟೊ ಇವತ್ತು ಒಂದು ತೆಗೆಯಿರಿ, ಮುಂದಿನ ತಿಂಗಳು ಇದೇ ದಿನ ಇನ್ನೊಂದು ತೆಗೆಯಿರಿ. ನನ್ನ ಅಣ್ಣನ ಮಗ ತುಮಕೂರಿನಲ್ಲಿ ಹೀಗೆ ನೋಡಿದ. ತಿಂಗಳಿಗೆ ಸಾವಿರ ಕಿಲೋಮೀಟರ್ ಅಂದುಕೊಂಡಿದ್ದವನಿಗೆ ಸಿಕ್ಕಿದ್ದು 780.

ಅವನ ಲೆಕ್ಕವನ್ನೇ ಮುಂದುವರಿಸೋಣ. ಬ್ಯಾಟರಿಯ 40,000ಕ್ಕೆ ಶೇ 11ರ ಬಡ್ಡಿಯಲ್ಲಿ 3 ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 1,310 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 47,150. ಆಮೇಲೆ ಬ್ಯಾಟರಿ ನಿಮ್ಮದು. ಕಿಲೋಮೀಟರಿಗೆ 1 ರೂಪಾಯಿಯಂತೆ 4 ವರ್ಷದ ಬಾಡಿಗೆ ಆದರೆ ತಿಂಗಳಿಗೆ 780, ಒಟ್ಟು 37,440. ಬಾಡಿಗೆಯೇ ಅಗ್ಗ ಅನಿಸಿತು, ಅವನು ಶೋರೂಮಿಗೆ ಹೊರಟೇಬಿಟ್ಟ.

ಅಲ್ಲಿ ಅವನ ಕೈಗೆ ಕೊಟ್ಟ ಕರಾರಿನ ಎರಡನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. ಓಡಿಸಲಿ ಬಿಡಲಿ, ತಿಂಗಳಿಗೆ ಕನಿಷ್ಠ 1,000 ಕಿಲೋಮೀಟರಿನ ಬಾಡಿಗೆ ಕಟ್ಟಬೇಕು. ಜಿಎಸ್‌ಟಿ ಪ್ರತ್ಯೇಕ. ಅಂದರೆ 780 ಅಲ್ಲ, 1,000. ಅದರ ಮೇಲೆ ಶೇ 18 ಸೇರಿ 1,180. ನಾಲ್ಕು ವರ್ಷಕ್ಕೆ 56,640! ಕೊಂಡದ್ದಕ್ಕಿಂತ ಒಂಬತ್ತೂವರೆ ಸಾವಿರ ಜಾಸ್ತಿ. ಶೋರೂಮಿನವರು ಕಿಲೋಮೀಟರಿಗೆ ಎಷ್ಟು ಅಂತ ಮಾತ್ರ ಹೇಳುತ್ತಾರೆ. ನೀವು ಕೇಳಬೇಕಾದದ್ದು "ಗಾಡಿ ಒಂದು ತಿಂಗಳು ನಿಂತೇ ಇದ್ದರೆ ತೆರಿಗೆ ಸೇರಿ ಬಿಲ್ ಎಷ್ಟು?" ಅಂತ. ಉತ್ತರವನ್ನು ಬರೆಸಿಕೊಳ್ಳಿ.

ತುಂಬಾ ಓಡಿಸುವವರಿಗೆ ಏಟು ಇನ್ನೊಂದು ಕಡೆಯಿಂದ ಬೀಳುತ್ತದೆ. ದಿನಕ್ಕೆ 100 ಕಿಲೋಮೀಟರ್ ಓಡಿಸುವ ಡೆಲಿವರಿ ಹುಡುಗ 26 ದಿನಕ್ಕೆ ತೆರಿಗೆ ಬಿಟ್ಟೇ 2,600 ಕಟ್ಟಬೇಕು. ಮೂರು ವರ್ಷಕ್ಕೆ 93,600. ಅವನು ಹೇಗಾದರೂ ಮಾಡಿ ಬ್ಯಾಟರಿ ಕೊಳ್ಳುವುದೇ ಸರಿ.

"ಬ್ಯಾಟರಿ ಹಾಳಾದರೆ?" ಅನ್ನುವ ಭಯ ಹಲವರನ್ನು ಬಾಡಿಗೆಗೆ ತಳ್ಳುತ್ತದೆ. ಕೊಂಡ ಬ್ಯಾಟರಿಗೂ ವಾರಂಟಿ ಇರುತ್ತದೆ. ಏಥರಿನಲ್ಲಿ ಹೆಚ್ಚಿನ ದುಡ್ಡು ಕೊಟ್ಟರೆ 8 ವರ್ಷ ಅಥವಾ 80,000 ಕಿಲೋಮೀಟರಿನ ವಾರಂಟಿ ಸಿಗುತ್ತದೆ. ಬ್ಯಾಟರಿಯ ಸಾಮರ್ಥ್ಯ ಶೇ 70ಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಭರವಸೆಯೂ ಅದರಲ್ಲಿದೆ. ಬಾಡಿಗೆ ಕರಾರಿನಲ್ಲಿ ಇಷ್ಟು ರಕ್ಷಣೆ ಇದೆಯಾ ಅಂತ ಹೋಲಿಸಿ ನೋಡಿ.

ಕೊನೆಗೆ ಕರಾರಿನಲ್ಲಿ ಮೂರು ಕಡೆ ಬೆರಳಿಟ್ಟು ಓದಿ. ಅವಧಿ ಮುಗಿದ ಮೇಲೆ ಬ್ಯಾಟರಿ ಯಾರದು? ನಡುವೆ ಗಾಡಿ ಮಾರಿದರೆ ಬಾಡಿಗೆ ಹೊಸಬರ ಹೆಸರಿಗೆ ಹೋಗುತ್ತದಾ, ಇಲ್ಲ ಬಾಕಿ ಪೂರ್ತಿ ನೀವೇ ಕಟ್ಟಬೇಕಾ? ಗಾಡಿ ಕಳುವಾದರೆ ಅಥವಾ ಮಳೆನೀರಿನಲ್ಲಿ ಮುಳುಗಿದರೆ ವಿಮೆಯ ಮೊತ್ತದಲ್ಲಿ ಬ್ಯಾಟರಿಯ ಬೆಲೆ ಸೇರಿದೆಯಾ? ಸೇರದಿದ್ದರೆ ಗಾಡಿ ಇಲ್ಲದೆಯೂ ಬ್ಯಾಟರಿಯ ಬಾಕಿ ನಿಮ್ಮ ತಲೆ ಮೇಲೆ ಉಳಿಯಬಹುದು.

ಕನಿಷ್ಠ ಮಿತಿ ನಿಮ್ಮ ಓಡಾಟಕ್ಕಿಂತ ಕಡಿಮೆ ಇದ್ದು, ತಿಂಗಳಿಗೆ 600–700 ಕಿಲೋಮೀಟರ್ ಓಡಿಸುವವರಾದರೆ ಬಾಡಿಗೆ ತಗೊಳ್ಳಿ, ತಪ್ಪಿಲ್ಲ. ಅಣ್ಣನ ಮಗ ಇನ್ನೆರಡು ತಿಂಗಳು ಕಾದು, ಮುಂಗಡ ಸ್ವಲ್ಪ ಜಾಸ್ತಿ ಮಾಡಿಕೊಂಡು, ಬ್ಯಾಟರಿ ಸಮೇತವೇ ಕೊಂಡ.